ಡಿಡಿಆರ್5-6000 ಸಿಎಲ್30 ಕಿಟ್: ಎರಡು ವರ್ಷಕ್ಕೂ ಮೇಲೆ ಬಳಸಿದ ಮೇಲೆ, ಡಬ್ಬದ ಮೇಲಿನ ನಂಬರ್‌ಗಳ ಲೆಕ್ಕ

ಈ ಕಿಟ್ ನನ್ನ ರೈಜೆನ್ 7 7700 ಸಿಸ್ಟಮ್‌ನಲ್ಲಿ ಎರಡು ವರ್ಷಕ್ಕೂ ಜಾಸ್ತಿ ಆಯ್ತು ಓಡ್ತಾ ಇದೆ, 16 ಜಿಬಿಯ ಎರಡು ಸ್ಟಿಕ್. ಡಬ್ಬದ ಮೇಲೆ ಬರೆದಿರೋದು ಡಿಡಿಆರ್5-6000, 30-38-38-96, 1.35 ವೋಲ್ಟ್. ಕಿಟ್ ಚೆನ್ನಾಗಿದೆ, ಒಂದು ದಿನವೂ ಕೈಕೊಟ್ಟಿಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಆದ್ರೆ ಎಲ್ರೂ ಕೇಳೋದು ಬೇರೆ, ಇದೇ ಸ್ಪೀಡ್‌ನ ಸಿಎಲ್36 ಕಿಟ್ ಕಡಿಮೆಗೆ ಸಿಗುತ್ತಲ್ಲ, ಸಿಎಲ್30ಗೆ ಜಾಸ್ತಿ ಕೊಡೋದ್ರಲ್ಲಿ ಏನಾದ್ರೂ ಅರ್ಥ ಇದೆಯಾ ಅಂತ. ಅದಕ್ಕೆ ಉತ್ತರ ಆ ನಂಬರ್‌ಗಳಲ್ಲೇ ಇದೆ, ಓದೋ ರೀತಿ ಗೊತ್ತಿರ್ಬೇಕು ಅಷ್ಟೇ.

ಮೊದ್ಲು 6000. ಅದು ಒಂದು ಸೆಕೆಂಡಿಗೆ ಎಷ್ಟು ಸಲ ಡೇಟಾ ಹೋಗುತ್ತೆ ಅನ್ನೋ ಲೆಕ್ಕ, ಮಿಲಿಯನ್‌ಗಳಲ್ಲಿ. ಒಂದು ಕ್ಲಾಕಿಗೆ ಎರಡು ಸಲ ಹೋಗೋದ್ರಿಂದ ನಿಜವಾದ ಕ್ಲಾಕ್ 3000 ಮೆಗಾಹರ್ಟ್ಸ್, ಸಿಪಿಯು-ಝಡ್‌ನಲ್ಲಿ 3000 ಅಂತ ಕಾಣ್ಸಿದ್ರೆ ಅರ್ಧ ಸ್ಪೀಡ್ ಆಗೋಯ್ತು ಅಂತ ಗಾಬರಿ ಬೀಳೋದು ಬೇಡ, ಅದೇ ಸರಿ. ಇನ್ನು ಸಿಎಲ್ ಅನ್ನೋದು ಆ ಮೊದಲ ನಂಬರ್, 30 ಅಂದ್ರೆ ಓದೋಕೆ ಆರ್ಡರ್ ಕೊಟ್ಟ ಮೇಲೆ ಮೊದಲ ಡೇಟಾ ಬರೋಕೆ 30 ಕ್ಲಾಕ್ ಕಾಯ್ಬೇಕು ಅಂತ. ಕ್ಲಾಕ್ ಅನ್ನೋದು ಟೈಮ್ ಅಲ್ಲ, ಸ್ಪೀಡ್ ಬದಲಾದ್ರೆ ಒಂದು ಕ್ಲಾಕಿನ ಉದ್ದವೂ ಬದಲಾಗುತ್ತೆ, ಅದಕ್ಕೇ ಬರೀ ಸಿಎಲ್ ನೋಡಿ ಎರಡು ಕಿಟ್ ಹೋಲಿಸೋಕೆ ಆಗಲ್ಲ, ನ್ಯಾನೋಸೆಕೆಂಡಿಗೆ ತಂದ್ಕೋಬೇಕು:

```
CL × 2000 ÷ ಸ್ಪೀಡ್ = ns
30 × 2000 ÷ 6000 = 10 ns
36 × 2000 ÷ 6000 = 12 ns
16 × 2000 ÷ 3200 = 10 ns
```

ಕೊನೇ ಸಾಲು ಹಳೇ ಡಿಡಿಆರ್4-3200 ಸಿಎಲ್16. ಅದೂ 10 ನ್ಯಾನೋಸೆಕೆಂಡೇ! 16ಕ್ಕೂ 30ಕ್ಕೂ ಹೋಲ್ಸಿ "ಡಿಡಿಆರ್5 ನಿಧಾನ" ಅಂತಾರಲ್ಲ, ಆ ಮಾತು ಇಲ್ಲಿಗೇ ನಿಲ್ಲುತ್ತೆ.

ಇಲ್ಲಿಗೆ ಬಿಟ್ರೆ ಸಿಎಲ್30 ಅನ್ನೋದು ಸಿಎಲ್36ಗಿಂತ ಸುಮಾರು 17 ಪರ್ಸೆಂಟ್ ಫಾಸ್ಟ್ ಅನ್ಸುತ್ತೆ. ಆದ್ರೆ ಸಿಎಲ್ ಅನ್ನೋದು ಬೇಕಾದ ರೋ ಆಗ್ಲೇ ಓಪನ್ ಇದ್ದಾಗಿನ ಲೆಕ್ಕ ಮಾತ್ರ. ಮೆಮೊರಿ ಚಿಪ್ ಒಳಗಡೆ ಡೇಟಾ ರೋಗಳಲ್ಲಿ ಇರುತ್ತೆ, ಪುಸ್ತಕದ ಪುಟ ಇದ್ದ ಹಾಗೆ, ತೆರೆದ ಪುಟದಲ್ಲೇ ಬೇಕಾದ ಸಾಲು ಇದ್ರೆ ಬೇಗ, ಬೇರೆ ಪುಟದಲ್ಲಿದ್ರೆ ಇದನ್ನ ಮುಚ್ಚಿ ಅದನ್ನ ತೆಗೀಬೇಕು. ಮುಚ್ಚೋ ಟೈಮ್ `tRP`, ತೆಗೆಯೋ ಟೈಮ್ `tRCD`. ಡಬ್ಬದ ಮೇಲೆ 30 ಆದ್ಮೇಲೆ ಬರೋ ಆ ಎರಡು 38 ಇವೇ. ಕೊನೇ 96 ಅನ್ನೋದು ರೋ ಕನಿಷ್ಠ ಎಷ್ಟು ಹೊತ್ತು ತೆರೆದಿರ್ಬೇಕು ಅಂತ, ಹೋಲಿಕೆ ಮಾಡುವಾಗ ಅದರ ಬಗ್ಗೆ ತಲೆ ಕೆಡಿಸ್ಕೊಳ್ಳೋದು ಬೇಡ.

ಈಗ ರೋ ಬದಲಾಯಿಸ್ಬೇಕಾದ ಕೇಸ್ ತಗೊಳ್ಳಿ, ಮೂರನ್ನೂ ಕೂಡ್ಸಿ. ನನ್ನ ಕಿಟ್‌ನಲ್ಲಿ 30+38+38, ಒಟ್ಟು 106 ಕ್ಲಾಕ್, ಅಂದ್ರೆ 35.3 ನ್ಯಾನೋಸೆಕೆಂಡ್. ಮಾರ್ಕೆಟ್‌ನಲ್ಲಿ 36-36-36-96 ಅಂತ ಬರೋ 6000 ಕಿಟ್‌ಗಳೂ ಇವೆ, ಅದ್ರಲ್ಲಿ 108 ಕ್ಲಾಕ್, 36 ನ್ಯಾನೋಸೆಕೆಂಡ್. ನೋಡಿ, ಮೊದಲ ನಂಬರ್‌ನಲ್ಲಿ ಆರು ಕ್ಲಾಕ್ ವ್ಯತ್ಯಾಸ ಇದ್ರೂ ಇಲ್ಲಿ ಇಬ್ರೂ ಹೆಚ್ಚುಕಮ್ಮಿ ಒಂದೇ. 36-38-38 ಕಿಟ್ ಆದ್ರೆ 37.3, ಎರಡು ನ್ಯಾನೋಸೆಕೆಂಡ್ ಹಿಂದೆ. ಅದಕ್ಕೇ ಯಾರಾದ್ರೂ "ಸಿಎಲ್ ಎಷ್ಟು" ಅಂತ ಮಾತ್ರ ಕೇಳಿದ್ರೆ ನಾನು ಮೂರೂ ನಂಬರ್ ಹೇಳಿ ಅಂತೀನಿ.

ಅದೂ ಪೂರ್ತಿ ಚಿತ್ರ ಅಲ್ಲ. ಪ್ರೊಸೆಸರ್ ಕೋರ್‌ನಿಂದ ಹೊರಟ ರಿಕ್ವೆಸ್ಟ್ ಮೂರು ಹಂತದ ಕ್ಯಾಶ್‌ನಲ್ಲಿ ಹುಡುಕಿ, ಸಿಗದೇ ಹೋದ್ರೆ ಪ್ರೊಸೆಸರ್ ಒಳಗಿನ ಭಾಗಗಳನ್ನ ಜೋಡಿಸೋ ಫ್ಯಾಬ್ರಿಕ್ ದಾಟಿ, ಮೆಮೊರಿ ಕಂಟ್ರೋಲರ್‌ಗೆ ಹೋಗಿ, ಅಲ್ಲಿಂದ ಸ್ಟಿಕ್‌ಗೆ ಹೋಗಿ ವಾಪಸ್ ಬರ್ಬೇಕು. ನನ್ನ ಸಿಸ್ಟಮ್‌ನಲ್ಲಿ ಐಡಾ64 ಲೇಟೆನ್ಸಿ ಟೆಸ್ಟ್ 70 ನ್ಯಾನೋಸೆಕೆಂಡಿನ ಆಸುಪಾಸು ತೋರಿಸುತ್ತೆ. ಸಿಎಲ್ ಬದಲಾಯಿಸಿದ್ರೆ ಸಿಗೋ ಆ ಎರಡು ನ್ಯಾನೋಸೆಕೆಂಡ್ ಈ 70ರಲ್ಲಿ 3 ಪರ್ಸೆಂಟ್‌ಗಿಂತ ಕಮ್ಮಿ, ಅದೂ ಕ್ಯಾಶ್‌ನಲ್ಲಿ ಸಿಗದೆ ಮೆಮೊರಿಗೇ ಹೋಗ್ಬೇಕಾದ ರಿಕ್ವೆಸ್ಟ್‌ಗಳಿಗೆ ಮಾತ್ರ. ಡಬ್ಬದ ಮೇಲಿನ 17 ಪರ್ಸೆಂಟ್ ಹೀಗೇ ಕರಗಿ ಹೋಗುತ್ತೆ.

ಇದನ್ನ ಪರೀಕ್ಷೆ ಮಾಡೋಕೆ ಇನ್ನೊಂದು ಕಿಟ್ ಬೇಕಾಗಿಲ್ಲ. ಬಯಾಸ್‌ನಲ್ಲಿ ಡಬ್ಬದ ಮೇಲಿನ ಸ್ಪೀಡ್, ಟೈಮಿಂಗ್ ಹಾಕೋ ಎಕ್ಸ್‌ಪೋ ಪ್ರೊಫೈಲ್ ಆನ್ ಇಟ್ಕೊಂಡು ಸಿಎಲ್ ಒಂದನ್ನ ಮಾತ್ರ ಕೈಯಾರೆ 36 ಮಾಡಿದ್ರೆ ನಿಮ್ಮ ಕಿಟ್ಟೇ 36-38-38 ಕಿಟ್ ಥರ ಓಡುತ್ತೆ. ನಾನು ಹಾಗೆ ಮಾಡಿ, ಪ್ರತಿ ಟೆಸ್ಟನ್ನೂ ಹಲವು ಸಲ ಓಡ್ಸಿ ಮಧ್ಯದ ಫಲಿತಾಂಶ ತಗೊಂಡೆ, ಒಂದೇ ಸಲ ಓಡ್ಸಿ ನಂಬೋಕಾಗಲ್ಲ ಯಾಕಂದ್ರೆ ಏನೂ ಬದಲಾಯಿಸದೇ ಇದ್ರೂ ಲೇಟೆನ್ಸಿ ಒಂದು ನ್ಯಾನೋಸೆಕೆಂಡ್ ಆಚೀಚೆ ಆಗುತ್ತೆ. ಐಡಾದಲ್ಲಿ ಲೆಕ್ಕದ ಪ್ರಕಾರ ಬರ್ಬೇಕಾದ ಸುಮಾರು ಎರಡು ನ್ಯಾನೋಸೆಕೆಂಡ್ ವ್ಯತ್ಯಾಸ ಕಾಣ್ತು. 7-ಝಿಪ್‌ನ ಕಂಪ್ರೆಸ್ ಟೆಸ್ಟ್ ಮೆಮೊರಿ ಲೇಟೆನ್ಸಿಗೆ ಚೆನ್ನಾಗಿ ಸ್ಪಂದಿಸುತ್ತೆ, ಅದ್ರಲ್ಲೂ ಸಣ್ಣ ವ್ಯತ್ಯಾಸ ಸಿಕ್ತು. ಗೇಮ್‌ಗಳಲ್ಲಿ ನಾನು ದಿನಾ ಆಡೋ ಸೆಟ್ಟಿಂಗ್‌ನಲ್ಲಿ ಏನೂ ಇಲ್ಲ, ಅಲ್ಲಿ ಗ್ರಾಫಿಕ್ಸ್ ಕಾರ್ಡೇ ಮಿತಿ. ರೆಸಲ್ಯೂಷನ್ ಬೇಕಂತ್ಲೇ ಇಳಿಸಿ ಪ್ರೊಸೆಸರ್ ಮೇಲೆ ಭಾರ ಹಾಕಿದಾಗ ಮಾತ್ರ ಅಲ್ಪ ಸ್ವಲ್ಪ ಕಾಣ್ತು. ದೊಡ್ಡ ಎಲ್3 ಕ್ಯಾಶ್ ಇರೋ ಎಕ್ಸ್3ಡಿ ಪ್ರೊಸೆಸರ್ ಇದ್ರೆ ಅದೂ ಇನ್ನಷ್ಟು ಕಮ್ಮಿ ಆಗುತ್ತೆ.

ಆದ್ರೆ ಎಕ್ಸ್‌ಪೋನೇ ಆಫ್ ಮಾಡಿ ನೋಡಿದಾಗ ಕಥೆ ಬೇರೆ. ಆಗ ಕಿಟ್ 4800ರಲ್ಲಿ 40-39-39ಕ್ಕೆ ಇಳಿಯುತ್ತೆ. ರೋ ಬದಲಾಯಿಸೋ ಲೆಕ್ಕ 118 ಕ್ಲಾಕ್, ಕ್ಲಾಕೂ ನಿಧಾನ, ಒಟ್ಟು 49 ನ್ಯಾನೋಸೆಕೆಂಡ್. 35ಕ್ಕೂ 49ಕ್ಕೂ ಇರೋ ಅಂತರ ನಿಜವಾಗ್ಲೂ ಗೊತ್ತಾಗುತ್ತೆ, ಕಂಪ್ರೆಸ್ ಮಾಡುವಾಗ, ದೊಡ್ಡ ಪ್ರಾಜೆಕ್ಟ್ ಬಿಲ್ಡ್ ಮಾಡುವಾಗ, ಪ್ರೊಸೆಸರ್ ಮಿತಿಯಾಗಿರೋ ಗೇಮ್‌ಗಳಲ್ಲಿ ಎಲ್ಲಾ ಕಡೆ. ಬೇಜಾರಿನ ವಿಷಯ ಏನಂದ್ರೆ ಒಳ್ಳೇ ಕಿಟ್ ತಗೊಂಡು ವರ್ಷಗಟ್ಟಲೆ 4800ರಲ್ಲೇ ಓಡಿಸೋರು ಎಷ್ಟೋ ಜನ ಇದಾರೆ. ಬಯಾಸ್ ಅಪ್‌ಡೇಟ್ ಮಾಡಿದಾಗ್ಲೂ ಎಕ್ಸ್‌ಪೋ ಆಫ್ ಆಗುತ್ತೆ, ನನಗೂ ಆಗಿದೆ, ಅದಕ್ಕೆ ಅಪ್‌ಡೇಟ್ ಆದ್ಮೇಲೆ ಪವರ್‌ಶೆಲ್‌ನಲ್ಲಿ ಇದನ್ನ ಓಡ್ಸಿ ನೋಡ್ತೀನಿ:

```
Get-CimInstance Win32_PhysicalMemory | Select-Object ConfiguredClockSpeed
```

6000 ಬಂದ್ರೆ ಸರಿ, 4800 ಬಂದ್ರೆ ಬಯಾಸ್‌ಗೆ ಹೋಗಿ ಎಕ್ಸ್‌ಪೋ ಆನ್ ಮಾಡಿ. ಟೈಮಿಂಗ್‌ಗಳು ಇದ್ರಲ್ಲಿ ಬರಲ್ಲ, ಅದಕ್ಕೆ ಸಿಪಿಯು-ಝಡ್‌ನ ಮೆಮೊರಿ ಟ್ಯಾಬ್.

ಹಾಗಾದ್ರೆ 6000 ಯಾಕೆ, 7200 ತಗೋಬಹುದಿತ್ತಲ್ಲ? 7200 ಸಿಎಲ್34 ಅಂದ್ರೆ ಲೆಕ್ಕಕ್ಕೆ 9.4 ನ್ಯಾನೋಸೆಕೆಂಡ್, ಕಾಗದದ ಮೇಲೆ ನನ್ನ ಕಿಟ್‌ಗಿಂತ ಮೇಲು. ಆದ್ರೆ ಈ ಪ್ರೊಸೆಸರ್‌ಗಳ ಮೆಮೊರಿ ಕಂಟ್ರೋಲರ್ ಮೆಮೊರಿ ಜೊತೆ ಒಂದೇ ಕ್ಲಾಕ್‌ನಲ್ಲಿ ಓಡೋದು 6000, ಹೆಚ್ಚಂದ್ರೆ 6400ರ ಸುತ್ತಮುತ್ತ. ಅದರ ಮೇಲೆ ಹೋದ್ರೆ ಸಾಮಾನ್ಯವಾಗಿ ಕಂಟ್ರೋಲರ್ ಅರ್ಧಕ್ಕೆ ಇಳಿಯುತ್ತೆ, 7200ರಲ್ಲಿ ಕಂಟ್ರೋಲರ್ ಕ್ಲಾಕ್ ಆದ `UCLK` 1800 ಆಗುತ್ತೆ, ನನ್ನ ಸಿಸ್ಟಮ್‌ನಲ್ಲಿ ಅದು 3000. ಸ್ಟಿಕ್‌ನಲ್ಲಿ ಉಳಿಸಿದ ಅರ್ಧ ನ್ಯಾನೋಸೆಕೆಂಡ್‌ಗಿಂತ ಜಾಸ್ತಿ ಅಲ್ಲಿ ಹೋಗುತ್ತೆ. ಬ್ಯಾಂಡ್‌ವಿಡ್ತ್ ಆದ್ರೂ ಜಾಸ್ತಿ ಸಿಗಲ್ವಾ ಅಂದ್ರೆ, ಎರಡು ಚಾನೆಲ್ ಸೇರಿ 6000ಕ್ಕೆ ಸೆಕೆಂಡಿಗೆ 96 ಜಿಬಿ ಆಗುತ್ತೆ, ಆದ್ರೆ 7700ರಲ್ಲಿ ಕೋರ್‌ಗಳೆಲ್ಲ ಒಂದೇ ಚಿಪ್ಲೆಟ್‌ನಲ್ಲಿವೆ, ಆ ಚಿಪ್ಲೆಟ್‌ಗೆ ಬರೋ ದಾರಿ ಒಂದು ಕ್ಲಾಕಿಗೆ 32 ಬೈಟ್ ಮಾತ್ರ, ಫ್ಯಾಬ್ರಿಕ್ 2000 ಮೆಗಾಹರ್ಟ್ಸ್ ಇದ್ರೆ ಓದೋಕೆ ಸಿಗೋದು 64 ಜಿಬಿ. 96 ಬರೋ ದಾರೀನೇ ಇಲ್ಲದಾಗ 115 ತಗೊಂಡು ಏನ್ ಮಾಡೋದು? ಇಂಟೆಲ್ ಕಡೆ ಈ ಕಟ್ಟುಪಾಡು ಬೇರೆ ಥರ, ಅಲ್ಲಿ 7200ಕ್ಕೆ ಅರ್ಥ ಇದೆ, ಈ ವಿಮರ್ಶೆಯ ಲೆಕ್ಕ ಅಲ್ಲಿಗೆ ಹಾಗೇ ಹಾಕ್ಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಮತ್ತೆ ಸಿಎಲ್30 ಕಿಟ್ಟೇ ತಗೊಳ್ತೀನಿ, ಕಾರಣ ಆ ಎರಡು ನ್ಯಾನೋಸೆಕೆಂಡ್ ಅಲ್ಲ. 6000ರಲ್ಲಿ ಸಿಎಲ್30 ಓಡೋ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಹೈನಿಕ್ಸ್ ಚಿಪ್ ಇರುತ್ತೆ, ಸಿಎಲ್36 ಕಿಟ್‌ನಲ್ಲಿ ಯಾರ ಚಿಪ್ ಬೇಕಾದ್ರೂ ಇರಬಹುದು. ಚಿಪ್ ಯಾರದ್ದು ಅನ್ನೋದು ಯಾಕೆ ಮುಖ್ಯ ಅಂದ್ರೆ ಡಬ್ಬದ ಮೇಲೆ ಬರೆಯದೇ ಇರೋ ಎರಡು ನಂಬರ್ ಇವೆ, `tREFI` ಮತ್ತೆ `tRFC`. ಮೆಮೊರಿ ಡೇಟಾ ಅಳಿಸಿ ಹೋಗದ ಹಾಗೆ ಆಗಾಗ ರಿಫ್ರೆಶ್ ಮಾಡ್ತಾನೇ ಇರ್ಬೇಕು, ಆ ಹೊತ್ತು ಓದೋಕೆ ಬರೆಯೋಕೆ ಆಗಲ್ಲ. ನನ್ನ ಸ್ಟಿಕ್‌ನಲ್ಲಿರೋ 16 ಗಿಗಾಬಿಟ್ ಚಿಪ್‌ಗೆ ಸ್ಟ್ಯಾಂಡರ್ಡ್ ಪ್ರಕಾರ ಪ್ರತಿ 3900 ನ್ಯಾನೋಸೆಕೆಂಡಿಗೆ ಒಂದು ರಿಫ್ರೆಶ್, ಅದು `tREFI`, ಒಂದೊಂದು ರಿಫ್ರೆಶ್‌ಗೆ 295 ನ್ಯಾನೋಸೆಕೆಂಡ್, ಅದು `tRFC`, ಅಂದ್ರೆ ಏಳೂವರೆ ಪರ್ಸೆಂಟ್ ಟೈಮ್ ಅಲ್ಲೇ ಹೋಯ್ತು. ಹೈನಿಕ್ಸ್ ಚಿಪ್ ಈ 295ನ್ನ ಸಾಕಷ್ಟು ಇಳಿಸೋಕೆ ಬಿಡುತ್ತೆ. ನಾನು `tRFC` ಇಳಿಸಿ `tREFI` ಏರಿಸಿದಾಗ ಸಿಕ್ಕ ಲಾಭ ಸಿಎಲ್ 36ರಿಂದ 30ಕ್ಕೆ ಬಂದಾಗ ಸಿಕ್ಕಿದ್ದಕ್ಕಿಂತ ಚೆನ್ನಾಗೇ ಜಾಸ್ತಿ ಇತ್ತು.

ಇಲ್ಲೊಂದು ಎಚ್ಚರ ಬೇಕೇ ಬೇಕು. `tREFI` ಏರಿಸಿದ್ರೆ ರಿಫ್ರೆಶ್ ಮಧ್ಯೆ ಅಂತರ ಜಾಸ್ತಿ ಆಗುತ್ತೆ, ಚಿಪ್ ಬಿಸಿಯಾದಷ್ಟೂ ಚಾರ್ಜ್ ಬೇಗ ಸೋರಿ ಹೋಗುತ್ತೆ, ಹಾಗಾಗಿ ತಣ್ಣಗಿರುವಾಗ ಟೆಸ್ಟ್ ಪಾಸ್ ಆದ ಸೆಟ್ಟಿಂಗ್ ಗ್ರಾಫಿಕ್ಸ್ ಕಾರ್ಡ್ ಬಿಸಿಗಾಳಿ ಸ್ಟಿಕ್‌ಗೆ ಬಡಿಯುವಾಗ ಫೇಲ್ ಆಗಬಹುದು. ಅದು ಯಾವಾಗ್ಲೂ ಕ್ರ್ಯಾಶ್ ಆಗಿ ಗೊತ್ತಾಗಲ್ಲ, ದೊಡ್ಡ ಝಿಪ್ ಬಿಚ್ಚುವಾಗ ಸಿಆರ್‌ಸಿ ಎರರ್ ಬರೋದು, ಸುಮ್ನೆ ಬ್ರೌಸರ್ ಟ್ಯಾಬ್ ಬೀಳೋದು, ಹೀಗೆ ಕಾಣಿಸ್ಕೊಳ್ಳುತ್ತೆ. ಡಿಡಿಆರ್5 ಚಿಪ್ ಒಳಗೇ ಇಸಿಸಿ ಇದೆ ಅಂತ ಧೈರ್ಯ ಮಾಡ್ಬೇಡಿ, ಅದು ಒಂದು ಬಿಟ್ ತಪ್ಪನ್ನ ಒಳಗೇ ಸರಿ ಮಾಡುತ್ತೆ, ನಿಮಗೆ ಹೇಳೋದೂ ಇಲ್ಲ, ಅದಕ್ಕಿಂತ ಜಾಸ್ತಿ ಆದ್ರೆ ಅದರ ಕೈಲೂ ಆಗಲ್ಲ. ಟೆಸ್ಟ್‌ಮೆಮ್5 ಓಡಿಸುವಾಗ ಜೊತೆಗೇ ಗ್ರಾಫಿಕ್ಸ್ ಕಾರ್ಡ್‌ಗೂ ಲೋಡ್ ಕೊಡಿ, ಆಗ್ಲೂ ಒಂದೂ ಎರರ್ ಬರದೇ ಇದ್ರೆ ಮಾತ್ರ ಆ ಸೆಟ್ಟಿಂಗ್ ಇಟ್ಕೊಳ್ಳಿ.

64 ಜಿಬಿ ಬೇಕು ಅನ್ಸಿದ್ರೆ ಇದೇ ಕಿಟ್ ಇನ್ನೊಂದು ತಂದು ನಾಲ್ಕು ಸ್ಲಾಟ್ ತುಂಬೋ ಯೋಚನೆ ಬಿಟ್ಬಿಡಿ. ರೈಜೆನ್ 7000ಗೆ ನಾಲ್ಕು ಸ್ಟಿಕ್ ಹಾಕಿದ್ರೆ ಎಎಂಡಿ ಅಧಿಕೃತವಾಗಿ ಹೇಳೋದು 3600 ಮಾತ್ರ, ಮೇಲೆ ಲೆಕ್ಕ ಹಾಕಿದ್ದೆಲ್ಲ ಆಗ ತಲೆಕೆಳಗು. 32 ಜಿಬಿಯ ಎರಡು ಸ್ಟಿಕ್ ಇರೋ ಕಿಟ್ ತಗೊಳ್ಳಿ, ತಗೊಳ್ಳುವಾಗ ಮೊದಲ ಮೂರೂ ನಂಬರ್ ಕೂಡ್ಸಿ ನೋಡಿ.