ಮರಳಿ ಬಂದ ದಿನವೇ ಸತ್ತುಹೋದ 160 ಪಾಯಿಂಟ್‌ಗಳು

ಮೂರು ವರ್ಷಗಳಿಂದ ನಮ್ಮ ಮನೆಗೆ ಬೇಳೆಯಿಂದ ಬೆಡ್‌ಶೀಟ್‌ವರೆಗೆ ಎಲ್ಲವೂ ಒಂದೇ ಮಳಿಗೆಯಿಂದ ಬರುತ್ತದೆ. ಜಯನಗರದ ಅಂಗಡಿಗೂ ಆ್ಯಪ್‌ಗೂ ಪಾಯಿಂಟ್ ಖಾತೆ ಒಂದೇ. ಕೊಟ್ಟ ಪ್ರತಿ ನೂರು ರೂಪಾಯಿಗೆ ಎರಡು ಪಾಯಿಂಟ್, ಒಂದು ಪಾಯಿಂಟ್ ಎಂದರೆ ಒಂದು ರೂಪಾಯಿ, ಒಂದು ಬಿಲ್ಲಿನ ಮೊತ್ತದ ಶೇ 10ರಷ್ಟಕ್ಕೆ ಮಾತ್ರ ಬಳಸಬಹುದು, ಆಯಸ್ಸು ಒಂದು ವರ್ಷ. ಉಳಿದದ್ದನ್ನು ಆ್ಯಪ್‌ನಲ್ಲೇ ಓದಿಕೊಳ್ಳಬಹುದು.

ಶನಿವಾರ ಸಂಜೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಪಾಯಿಂಟ್ ಪಟ್ಟಿ ತೆರೆಯುವುದು ನನ್ನ ರೂಢಿ. ಯಾವುದು ಯಾವ ತಿಂಗಳು ಮುಗಿಯುತ್ತದೆ ಎಂದು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳುತ್ತೇನೆ. ಮನೆಯಾಕೆ ನಗುತ್ತಾಳೆ. ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತನಾದವನಿಗೆ ಇಷ್ಟಾದರೂ ಬೇಡವೇ?

ಆ ಪುಸ್ತಕ ಇದ್ದದ್ದರಿಂದಲೇ ಈ ಕಥೆ ಗೊತ್ತಾಯಿತು. ಯುಗಾದಿಗೆ ಮೊದಲು, ಮಾರ್ಚ್ 22ರಂದು, 2,400 ರೂಪಾಯಿಯ ಕುಕ್ಕರ್ ಮತ್ತು 1,600 ರೂಪಾಯಿಯ ಬೆಡ್‌ಶೀಟ್ ಜೋಡಿ ತರಿಸಿದೆವು. ಒಟ್ಟು 4,000. ಮಿತಿಯಷ್ಟೂ, ಅಂದರೆ 400 ಪಾಯಿಂಟ್ ಬಳಸಿ 3,600 ರೂಪಾಯಿ ಕೊಟ್ಟೆ. ಬೆಡ್‌ಶೀಟ್ ನಮ್ಮ ದಪ್ಪ ಹಾಸಿಗೆಗೆ ಸಾಲಲಿಲ್ಲ. ಒಂದು ಮೂಲೆ ಸಿಕ್ಕಿಸಿದರೆ ಎದುರಿನದು ಕಿತ್ತು ಬರುತ್ತಿತ್ತು. 29ರಂದು ರಿಟರ್ನ್ ಹಾಕಿದೆ. ಹಬ್ಬದ ಗಡಿಬಿಡಿಯಲ್ಲಿ ಒಯ್ಯುವ ಹುಡುಗ ಬಂದದ್ದು ಏಪ್ರಿಲ್ 1ಕ್ಕೆ, ಗೋದಾಮಿನಲ್ಲಿ ತಪಾಸಣೆ ಮುಗಿದದ್ದು 3ಕ್ಕೆ.

ಬ್ಯಾಂಕಿಗೆ ಮರಳಿದ್ದು 1,440 ರೂಪಾಯಿ. ‘ನೂರರವತ್ತು ನುಂಗಿದರು’ ಎಂದಳು ಮನೆಯಾಕೆ. ಇಲ್ಲ, ಅದು ಸರಿಯಾದ ಲೆಕ್ಕ. ಬಳಸಿದ ಪಾಯಿಂಟ್‌ಗಳನ್ನು ಬಿಲ್ಲಿನ ಪ್ರತಿ ವಸ್ತುವಿಗೂ ಬೆಲೆಗೆ ತಕ್ಕಂತೆ ಹಂಚುತ್ತಾರೆ. ಬೆಡ್‌ಶೀಟ್ ಪಾಲಿಗೆ ಬಂದದ್ದು 160; ಅದು ಹಣವಾಗಿ ಬರುವುದಿಲ್ಲ, ಪಾಯಿಂಟ್ ಆಗಿಯೇ ಖಾತೆಗೆ ಮರಳುತ್ತದೆ. ಹೊಸದಾಗಿ ಗಳಿಸಿದ್ದ 72 ಪಾಯಿಂಟ್ 43ಕ್ಕೆ ಇಳಿಯಿತು, ಅದೂ ನ್ಯಾಯವೇ; ಉಳಿಸಿಕೊಂಡ ಕುಕ್ಕರ್‌ಗೆ ನಾನು ಕೊಟ್ಟದ್ದು 2,160 ರೂಪಾಯಿ ಮಾತ್ರ. ರಿಟರ್ನ್ ಅವಧಿ ಮುಗಿಯುವವರೆಗೆ ಹೊಸ ಪಾಯಿಂಟ್‌ಗಳನ್ನು ಇವರು ತಡೆಹಿಡಿಯುವುದು ಒಳ್ಳೆಯದೇ. ಹಿಂದೆ ಇನ್ನೊಂದು ಕಡೆ ತಕ್ಷಣ ಕೊಟ್ಟು, ನಾನು ಖರ್ಚು ಮಾಡಿದ ಮೇಲೆ ರಿಟರ್ನ್ ಆಗಿ, ಖಾತೆ ಸೊನ್ನೆಗಿಂತ ಕೆಳಗೆ ಹೋಗಿತ್ತು.

ಸಿಟ್ಟು ಬಂದದ್ದು ಪಟ್ಟಿಯ ಮುಂದಿನ ಎರಡು ಸಾಲು ನೋಡಿದಾಗ. ಏಪ್ರಿಲ್ 3: 160 ಜಮೆ. ಏಪ್ರಿಲ್ 3: 160 ಅವಧಿ ಮುಗಿದಿದೆ.

ಪುಸ್ತಕ ತೆರೆದೆ. ನಾನು ಬಳಸಿದ 400ರಲ್ಲಿ 160 ಪಾಯಿಂಟ್‌ಗಳ ಗಡುವು ಮಾರ್ಚ್ 31, ಉಳಿದ 240ರದ್ದು ಆಗಸ್ಟ್. ಖರ್ಚಿಗೆ ಹಳೆಯದು ಮೊದಲು ಹೋಗುವುದು ನಮಗೆ ಅನುಕೂಲ. ಆದರೆ ಮರಳಿಸುವಾಗಲೂ ಹಳೆಯದನ್ನೇ ಮೊದಲು, ಹಳೆಯ ಗಡುವಿನ ಸಮೇತ ಮರಳಿಸಿದ್ದಾರೆ. ಕೊನೆಗೆ ಬಳಸಿದ್ದನ್ನು ಮೊದಲು ಮರಳಿಸಿದ್ದರೆ ಅಷ್ಟೂ 160 ಜೀವಂತವಾಗಿರುತ್ತಿತ್ತು. ಎರಡರಿಂದಲೂ ಪಾಲು ತೆಗೆದಿದ್ದರೆ 96 ಉಳಿಯುತ್ತಿತ್ತು. ಇವರು ಆಯ್ದುಕೊಂಡ ಕ್ರಮದಲ್ಲಿ ಉಳಿದದ್ದು ಸೊನ್ನೆ. ಮೇಲಾಗಿ ನಾನು ರಿಟರ್ನ್ ಹಾಕಿದ ದಿನ ಆ ಪಾಯಿಂಟ್‌ಗಳಿಗೆ ಇನ್ನೂ ಎರಡು ದಿನ ಆಯಸ್ಸಿತ್ತು. ತಡ ಅವರದು, ನಷ್ಟ ನನ್ನದು.

ಸಹಾಯವಾಣಿಯ ಹುಡುಗ ಮೊದಲು ‘ಸರ್, ಸಿಸ್ಟಮ್ ತಾನಾಗಿಯೇ ಮಾಡುತ್ತದೆ’ ಎಂದ. ದಿನಾಂಕಗಳನ್ನು ಒಂದೊಂದಾಗಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರ್, ನೀವು ಇದನ್ನೆಲ್ಲ ಬರೆದಿಟ್ಟುಕೊಂಡಿದ್ದೀರಾ?’ ಎಂದು ಕೇಳಿದ. ಆ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಹಾಗಾಗಿ ನಾನೂ ಮೆತ್ತಗಾದೆ. ನಾಲ್ಕನೇ ದಿನ 160 ಪಾಯಿಂಟ್ ಹೊಸದಾಗಿ ಬಂತು, ಹದಿನೈದು ದಿನದ ಗಡುವಿನೊಂದಿಗೆ. ನಿಯಮ ಮಾತ್ರ ಬದಲಾಗಿಲ್ಲ. ಕೇಳದವರ ಪಾಯಿಂಟ್‌ಗಳು ಈಗಲೂ ಹಾಗೆಯೇ ಸಾಯುತ್ತಿರಬೇಕು.

ಐದಕ್ಕೆ ಮೂರೂವರೆ ನಕ್ಷತ್ರ. ಮಳಿಗೆಯನ್ನು ಬಿಟ್ಟಿಲ್ಲ, ಬಿಲ್ ಮಾಡುವ ರೀತಿ ಬದಲಿಸಿದ್ದೇನೆ. ಗಡುವು ಹತ್ತಿರವಾದ ಪಾಯಿಂಟ್‌ಗಳನ್ನು ಮರಳಿಸುವ ಪ್ರಶ್ನೆಯೇ ಇಲ್ಲದ ತೊಗರಿಬೇಳೆ, ಎಣ್ಣೆ, ಸೋಪಿನ ಬಿಲ್ಲಿಗೆ ಹಾಕುತ್ತೇನೆ. ಬಟ್ಟೆ, ಚಪ್ಪಲಿಯಂತಹ ಅಳತೆಯ ಸಾಮಾನಿಗೆ ಪೂರ್ತಿ ಹಣ ಕೊಡುತ್ತೇನೆ. ಹೊಸ ಬೆಡ್‌ಶೀಟನ್ನು ಅಂಗಡಿಗೇ ಹೋಗಿ, ಟೇಪ್ ಹಿಡಿದು ಅಳೆದು ತಂದೆವು. ಅದಕ್ಕೆ ಒಂದು ಪಾಯಿಂಟನ್ನೂ ಮುಟ್ಟಿಸಲಿಲ್ಲ.