ಹಳೇ ರಾಕ್ ಬ್ಯಾಂಡ್ ನೋಡೋಕೆ ಯಾವ ಟಿಕೆಟ್: ಸ್ಟೇಡಿಯಂ ಮೇಲಿನ ಸೀಟಾ, ಬಯಲಲ್ಲಿ ಸ್ಟ್ಯಾಂಡಿಂಗಾ?

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ನವಿ ಮುಂಬೈನ ನೆರೂಳಲ್ಲಿರೋ ಡಿ.ವೈ. ಪಾಟೀಲ್ ಸ್ಟೇಡಿಯಂನ ಮೇಲಿನ ಸ್ಟ್ಯಾಂಡಿಗೆ. 2019ರ ಡಿಸೆಂಬರ್ 15ಕ್ಕೆ ಐರ್ಲೆಂಡಿನ ಯೂಟು ಬ್ಯಾಂಡ್ ಅಲ್ಲಿ ಹಾಡಿದಾಗ ನಾನು ಅಲ್ಲೇ ಕೂತು ನೋಡಿದ್ದು. ಇದರ ಎದುರಿಗೆ ಹೋಲಿಸ್ತಿರೋದು ಗನ್ಸ್ ಎನ್ ರೋಸಸ್‌ನ ಎರಡು ಶೋ, ಒಂದು 2012ರ ಡಿಸೆಂಬರಲ್ಲಿ ಬಾಂದ್ರಾದ ಬಿಕೆಸಿ ಮೈದಾನದ್ದು, ಇನ್ನೊಂದು 2025ರ ಮೇ 17ಕ್ಕೆ ಮಹಾಲಕ್ಷ್ಮಿ ರೇಸ್‌ಕೋರ್ಸಿನದ್ದು. ಎರಡೂ ಬಯಲು, ಎರಡೂ ಕಡೆ ನಿಂತೇ ನೋಡಿದ್ದು.

ಯೂಟು ಟಿಕೆಟ್ ಯಾಕೆ ಅಷ್ಟು ಸಾರ್ಥಕ ಅನ್ನಿಸ್ತು ಅಂದ್ರೆ, ಅವರು ಮಾರಿದ್ದು ಏನು ಅನ್ನೋದು ಮೊದಲೇ ಗೊತ್ತಿತ್ತು. 1987ರ 'ದಿ ಜೋಶುವಾ ಟ್ರೀ' ಆಲ್ಬಮ್ಮಿಗೆ 30 ವರ್ಷ ತುಂಬಿದಾಗ, 2017ರಲ್ಲಿ, ಆ ಆಲ್ಬಮ್ಮನ್ನ ಮೊದಲಿಂದ ಕೊನೇವರೆಗೂ ಅದೇ ಕ್ರಮದಲ್ಲಿ ನುಡಿಸೋ ಟೂರ್ ಶುರು ಮಾಡಿದ್ರು, 2019ರಲ್ಲಿ ಅದನ್ನೇ ಮುಂದುವರಿಸಿ ಮುಂಬೈನಲ್ಲಿ ಮುಗಿಸಿದ್ರು. ಹೊಸ ಆಲ್ಬಮ್ಮಿಗೆ ಯಾರೂ ಕಾಯ್ತಿರಲಿಲ್ಲ. ಕಾಲಾಘೋಡಾದ ರಿದಮ್ ಹೌಸಲ್ಲಿ ಕ್ಯಾಸೆಟ್ ತಗೊಂಡು ಟೇಪ್ ಸವೆಯೋವರೆಗೂ ಕೇಳಿದ ಜನಕ್ಕೆ, ಎ ಸೈಡ್ ಮುಗಿದು ಬಿ ಸೈಡ್ ಶುರುವಾಗೋ ಹಾಗೆ ಹಾಡುಗಳು ಒಂದರ ಹಿಂದೆ ಒಂದು ಬಂದ್ರೆ ಸಾಕು. ಆ ವಯಸ್ಸಿನವರ ಕೈಯಲ್ಲಿ ಈಗ ಸಂಬಳನೂ ಇದೆ, ಜೊತೆಗೆ ಕರ್ಕೊಂಡು ಬರೋಕೆ ಮಕ್ಕಳೂ ಇದಾರೆ. ಒಂದು ಮನೆಗೆ ನಾಲ್ಕು ಟಿಕೆಟ್ ಹೋಗೋದು ಹೀಗೆ.

ಬ್ಯಾಂಡಿನ ಕಡೆಯಿಂದ ನೋಡಿದ್ರೂ ಲೆಕ್ಕ ಸರಿಯಾಗಿದೆ. ಮುಂಚೆ ದುಡ್ಡು ಬರ್ತಿದ್ದಿದ್ದು ರೆಕಾರ್ಡಿಂದ, ಟೂರ್ ಅಂದ್ರೆ ಅದಕ್ಕೆ ಪ್ರಚಾರ. ಎಂಪಿ3 ಬಂದ್ಮೇಲೆ ಅದು ಪೂರ್ತಿ ಉಲ್ಟಾ ಆಯ್ತು. ಇನ್ಮೇಲೆ ಸಂಗೀತ ನಲ್ಲಿ ನೀರು, ಕರೆಂಟಿನ ಥರ ಆಗತ್ತೆ, ತುಂಬಾ ಟೂರ್ ಮಾಡೋಕೆ ರೆಡಿಯಾಗಿರಿ ಅಂತ ಗಾಯಕ ಡೇವಿಡ್ ಬೋವಿ 2002ರಲ್ಲೇ ಹೇಳಿದ್ದ, ಹಾಗೇ ಆಯ್ತು. ಅದಕ್ಕೇ ಅರವತ್ತು ದಾಟಿದವರೂ ರಸ್ತೆಗಿಳಿದಿರೋದು.

ಈಗ ಬಯಲಿನ ವಿಷಯ. ರೇಸ್‌ಕೋರ್ಸ್ ಅಂದ್ರೆ ಚಪ್ಪಟೆ ನೆಲ, ಇದು ಯಾರ ತಪ್ಪೂ ಅಲ್ಲ, ಆದ್ರೆ ಟಿಕೆಟ್ ತಗೊಳ್ಳೋರು ಇದನ್ನ ಸರಿಯಾಗಿ ಅರ್ಥ ಮಾಡ್ಕೋಬೇಕು. ಸ್ಟೇಜಿನ ಮುಂದಿನ ಜಾಗ ದುಬಾರಿ ಟಿಕೆಟ್‌ನವರಿಗೆ, ಅದರ ಹಿಂದೆ ಬೇಲಿ, ಬೇಲಿ ಹಿಂದೆ ನಮ್ಮಂಥವರು. ನನ್ನ ಹೆಂಡತಿ ಐದಡಿ ಇದಾಳೆ, ಅವಳಿಗೆ ಕಂಡಿದ್ದು ಮುಂದಿನವರ ಬೆನ್ನು ಮತ್ತೆ ಎತ್ತಿ ಹಿಡಿದ ಫೋನುಗಳು, ಅಷ್ಟೇ. ಗನ್ಸ್ ಎನ್ ರೋಸಸ್ ಗಿಟಾರಿಸ್ಟ್ ಸ್ಲ್ಯಾಶ್‌ನ ಟೋಪಿ ಕಾಣ್ತಾ ಅಂತ ಕೇಳಿದ್ರೆ ಸ್ಕ್ರೀನಲ್ಲಿ ಕಾಣ್ತಿದೆ ಅಂದ್ಲು.

ಸ್ಕ್ರೀನಲ್ಲೂ ಒಂದು ತೊಂದರೆ ಇದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗತ್ತೆ, ನೀವು ನೂರು ಮೀಟರ್ ಹಿಂದಿದ್ರೆ ಸ್ಟೇಜಿನ ಸ್ಪೀಕರ್ ಶಬ್ದ ಸೆಕೆಂಡಿನ ಸುಮಾರು ಮೂರನೇ ಒಂದು ಭಾಗ ತಡವಾಗಿ ಬರತ್ತೆ. ಹಿಂದಿನವರಿಗೆ ಕೇಳಿಸ್ಲಿ ಅಂತ ಮಧ್ಯದಲ್ಲಿ ಸ್ಪೀಕರ್ ಟವರ್ ನಿಲ್ಲಿಸ್ತಾರೆ, ಎರಡು ಶಬ್ದ ಬೇರೆ ಬೇರೆ ಕೇಳಬಾರದು ಅಂತ ಆ ಟವರಿನ ಶಬ್ದವನ್ನೂ ಅಷ್ಟೇ ತಡ ಮಾಡಿ ಬಿಡ್ತಾರೆ. ಹಾಗಾಗಿ ಪರದೆ ಮೇಲೆ ಬೆರಳು ಮೊದಲು ಆಡತ್ತೆ, ಗಿಟಾರ್ ಆಮೇಲೆ ಕೇಳತ್ತೆ. ಇದು ಸ್ಟೇಡಿಯಂ ಮೇಲಿನ ಸೀಟಲ್ಲೂ ಇದೆ, ಆದ್ರೆ ಅಲ್ಲಿಂದ ಇಡೀ ಸ್ಟೇಜ್, ಕೆಳಗಿನ ಜನಸಾಗರ ಎಲ್ಲಾ ಒಟ್ಟಿಗೆ ಕಾಣತ್ತಲ್ಲ, ಕಣ್ಣು ಒಂದು ಬೆರಳಿಗೆ ಅಂಟಿಕೊಂಡಿರಲ್ಲ. ಯೂಟುದು ಸುಮಾರು 200 ಅಡಿ ಅಗಲದ ಸ್ಕ್ರೀನು, ಅದು ದೂರದಿಂದ ನೋಡೋಕೇ ಮಾಡಿದ್ದು. ಬಯಲಲ್ಲಿ ಟವರ್ ಹಿಂದೆ ಸಿಕ್ಕಿಬಿದ್ರೆ ಅರ್ಧ ಸ್ಟೇಜೇ ಮಾಯ. ಅಲ್ಲಿ ನಿಲ್ಲಲೇಬೇಕು ಅಂದ್ರೆ ಸೌಂಡ್ ಮಿಕ್ಸ್ ಮಾಡೋರ ಗುಡಾರ ಎಲ್ಲಿದೆ ನೋಡಿ, ಅದರ ಮುಂದಕ್ಕೋ ಪಕ್ಕಕ್ಕೋ ನಿಲ್ಲಿ. ಎಂಜಿನಿಯರ್ ಅಲ್ಲಿಂದಲೇ ಕೇಳಿ ಸರಿ ಮಾಡ್ತಿರೋದ್ರಿಂದ ಶಬ್ದ ಚೆನ್ನಾಗಿರೋದು ಅಲ್ಲೇ. ಗುಡಾರದ ಹಿಂದೆ ಮಾತ್ರ ಬೇಡ, ಏನೂ ಕಾಣಲ್ಲ.

2012 ಮತ್ತೆ 2025, ಎರಡರಲ್ಲೂ ಬ್ಯಾಂಡ್ ಹೆಸರು ಒಂದೇ, ಜನ ಕಾದಿದ್ದ ಹಾಡುಗಳೂ ಹೆಚ್ಚುಕಮ್ಮಿ ಅವೇ. 2012ರಲ್ಲಿ ಹಾಡುಗಾರ ಆಕ್ಸೆಲ್ ರೋಸ್ ಇದ್ದ, ಸ್ಲ್ಯಾಶ್ ಇಲ್ಲ, ಬಾಸ್ ಗಿಟಾರ್ ನುಡಿಸೋ ಡಫ್ ಮೆಕೇಗನ್ನೂ ಇಲ್ಲ. ಮತ್ತೆ ಒಂದಾಗ್ತೀರಾ ಅಂತ ಕೇಳಿದವರಿಗೆ ಆಕ್ಸೆಲ್ 'ಈ ಜನ್ಮದಲ್ಲಿಲ್ಲ' ಅಂದಿದ್ದ, 2016ರಲ್ಲಿ ಮೂವರೂ ಒಂದಾದಾಗ ಆ ಮಾತನ್ನೇ ಟೂರಿಗೆ ಹೆಸರಿಟ್ರು, ಅದು 58 ಕೋಟಿ ಡಾಲರಿಗೂ ಮೇಲೆ ಗಳಿಸ್ತು. ಜನ ದುಡ್ಡು ಕೊಟ್ಟಿದ್ದು ಹಾಡಿಗಷ್ಟೇ ಆಗಿದ್ರೆ 2012ರ ಬ್ಯಾಂಡೇ ಸಾಕಿತ್ತು, ಅವರೂ ಚೆನ್ನಾಗೇ ನುಡಿಸಿದ್ರು. ಪೋಸ್ಟರಲ್ಲಿ ನೋಡಿದ ಅದೇ ಮುಖಗಳು ಒಟ್ಟಿಗೆ ನಿಲ್ಲಬೇಕು, ಹೆಚ್ಚಿನ ಬೆಲೆ ಇರೋದು ಅದಕ್ಕೇ. ಮಹಾಲಕ್ಷ್ಮಿಯಲ್ಲಿ ಸ್ಲ್ಯಾಶ್ ಸೋಲೋ ಶುರು ಮಾಡಿದಾಗ ಪಕ್ಕದಲ್ಲಿದ್ದ ಅಂಕಲ್ ಅತ್ತುಬಿಟ್ರು, ನಂಗೂ ಗಂಟಲು ಕಟ್ಟಿತ್ತು.

ಬೆಲೆ ಏಣಿ ಹೇಗಿರತ್ತೆ ಅಂತ ನೋಡೋಕೆ ಕೋಲ್ಡ್‌ಪ್ಲೇ ಬ್ಯಾಂಡಿನ ಶೋ ತಗೊಳ್ಳಿ (ನಾನು ಹೋಗಿಲ್ಲ, ಆದ್ರೆ ಆ ಬೆಲೆಗಳು ಎಲ್ಲರಿಗೂ ಗೊತ್ತು). 2025ರ ಜನವರಿಯ ಡಿ.ವೈ. ಪಾಟೀಲ್ ಶೋಗಳಿಗೆ ಮಾಮೂಲಿ ಟಿಕೆಟ್ 2,500ರಿಂದ ಶುರು, ಲೌಂಜ್ 35,000. ಅದೇ ಸಂಜೆ, ಅವೇ ಹಾಡು, ಲೌಂಜಿನ ಒಬ್ಬರು ಕೊಟ್ಟಿದ್ದು ಮೇಲಿನ 14 ಜನರಷ್ಟು. ಸ್ಟೇಜ್, ಲಾರಿ, ವಿಮಾನ, ಕೆಲಸದವರ ಖರ್ಚು ಇಪ್ಪತ್ತು ಸಾವಿರ ಜನ ಬಂದ್ರೂ ನಲವತ್ತು ಸಾವಿರ ಬಂದ್ರೂ ಹೆಚ್ಚುಕಮ್ಮಿ ಅಷ್ಟೇ. ಬ್ಯಾಂಡಿಗೂ ಪ್ರಮೋಟರ್ ಇಷ್ಟು ಅಂತ ಮೊದಲೇ ಗ್ಯಾರಂಟಿ ಕೊಟ್ಟಿರ್ತಾರೆ. ಆ ದೊಡ್ಡ ಗಂಟಿಗೆ ಮುಂದಿನ ಸಾಲು ತುಂಬಾ ಕೊಡತ್ತೆ, ಮೇಲಿನ ಸೀಟು ಸ್ಟೇಡಿಯಂ ತುಂಬಿಸತ್ತೆ. ಮೇಲೆ ಖಾಲಿ ಇದ್ರೆ ಒಟ್ಟಿಗೆ ಹಾಡೋ ಆ ಗದ್ದಲ ಇರಲ್ಲ, ಅದಿಲ್ಲ ಅಂದ್ರೆ ಲೌಂಜಿನವರ 35,000ಕ್ಕೂ ಅರ್ಥ ಇಲ್ಲ.

ಬುಕಿಂಗ್ ದಿನ ಕ್ಯೂನಲ್ಲಿ ಒಂದು ಕೋಟಿಗೂ ಹೆಚ್ಚು ಲಾಗಿನ್ ಇತ್ತು, ಆಮೇಲೆ ರೀಸೇಲಲ್ಲಿ ಲಕ್ಷಗಟ್ಟಲೆ ಕೇಳಿದ್ರು. ಆ ಲಕ್ಷ ಬ್ಯಾಂಡಿಗೆ ಹೋಗಲ್ಲ, ಮಧ್ಯದವರಿಗೆ ಹೋಗತ್ತೆ. ಅದನ್ನ ತಾವೇ ಹಿಡಿಯೋಣ ಅಂತ ಬಂದಿದ್ದೇ ಡಿಮ್ಯಾಂಡ್ ನೋಡಿ ಬೆಲೆ ಏರಿಸೋ ಪದ್ಧತಿ. 2024ರಲ್ಲಿ ಓಯಸಿಸ್ ಬ್ಯಾಂಡ್ ಮತ್ತೆ ಒಂದಾದಾಗ ಬ್ರಿಟನ್ನಲ್ಲಿ ಸುಮಾರು 150 ಪೌಂಡಿನ ಸ್ಟ್ಯಾಂಡಿಂಗ್ ಟಿಕೆಟ್, ಜನ ಗಂಟೆಗಟ್ಟಲೆ ಕ್ಯೂನಲ್ಲಿ ಕಾದು ಮುಂದೆ ಬರೋವಾಗ 355 ಆಗಿತ್ತು. ಇದು ನಂಗೆ ಸ್ವಲ್ಪನೂ ಒಪ್ಪಿಗೆ ಇಲ್ಲ. ದುಬಾರಿ ಅಂತ ಮೊದಲೇ ಹೇಳಿ, ಬೇಡಾದವರು ಬಿಡ್ತಾರೆ. ಹದಿನೈದು ವರ್ಷ ಕಾದವರು ಎರಡು ನಿಮಿಷದಲ್ಲಿ ಇಲ್ಲ ಅನ್ನೋಕಾಗಲ್ಲ ಅಂತ ಗೊತ್ತಿದ್ದೇ ಬೆಲೆ ಬದಲಾಯಿಸೋದು ಸರಿಯಲ್ಲ.

ಊಟ, ನೀರು ಎಲ್ಲಾ ಕಡೆ ದುಬಾರಿ.

ನಾನಿರೋದು ಚೆಂಬೂರಲ್ಲಿ, ಹಾರ್ಬರ್ ಲೈನ್ ಹತ್ತಿದ್ರೆ ನೆರೂಳ್, ಮಂಡಿ ನೋವಿದೆ, ಒಂದು ಸಂಜೆಗೆ ಐದು ಸಾವಿರದ ಮೇಲೆ ಖರ್ಚು ಮಾಡೋ ಅಭ್ಯಾಸ ಇಲ್ಲ. ಪುಣೆಯಿಂದ ಬರೋ ನನ್ನ ಭಾವಂಗೂ ಎಕ್ಸ್‌ಪ್ರೆಸ್‌ವೇ ಇಳಿದ್ರೆ ನೆರೂಳೇ ಹತ್ತಿರ, ಮುಂಬೈ ಒಳಗೆ ಬರೋದೇ ಬೇಡ. ಇಪ್ಪತ್ತೈದರ ಹುಡುಗರು ಬೇಗ ಹೋಗಿ ಬೇಲಿ ಹಿಡ್ಕೊಂಡು ನಿಲ್ಲೋದಾದ್ರೆ ಬಯಲೇ ತಗೊಳ್ಳಿ. ಮೇಲಿನ ಸೀಟು ತಗೊಳ್ಳೋರು ಮ್ಯಾಪಲ್ಲಿ ಸ್ಟೇಜ್ ಯಾವ ತುದೀಲಿದೆ ನೋಡಿ, ಅದರ ಪಕ್ಕದ ಬ್ಲಾಕ್‌ಗಳನ್ನ ಬಿಡಿ, ಅಲ್ಲಿಂದ ಸ್ಕ್ರೀನ್ ಓರೆಯಾಗಿ ಕಾಣತ್ತೆ. ಸ್ಟೇಜಿನ ಎದುರು ತುದಿ ಸ್ವಲ್ಪ ದೂರ ಆದ್ರೂ ನಾನು ಅದನ್ನೇ ತಗೊಳ್ಳೋದು.