ಒಂದೇ ರೂಮಿನ ಐದು ಶೇಡ್ ಚಿತ್ರ ಮಾಡಿಸುವ ಪೇಂಟ್ ಅಂಗಡಿಯವರೇ, ದುಡ್ಡು ಕೊಡುವ ಮೊದಲು ಕಿಟಕಿ ದಂಡೆ ನೋಡಿ

ಮಂಡ್ಯದ ಒಂದು ಪೇಂಟ್ ಅಂಗಡಿಯವರು ಕೌಂಟರ್ ಹಿಂದೆ ಹಾಕಲು ಪ್ಯಾನಲ್ ಮಾಡಿಸಿದರು. ಒಂದೇ ರೂಮು, ಒಂದೇ ಕಿಟಕಿ, ಗೋಡೆಗೆ ಮಾತ್ರ ಐದು ಬೇರೆ ಬೇರೆ ಶೇಡ್. ಕೆಳಗೆ 'ಎಲ್ಲವೂ ಒಂದೇ ಹಗಲು ಬೆಳಕಿನಲ್ಲಿ' ಎಂದು ಬರೆಸಿದ್ದರು. ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಯಾರಿಸಿ, ಅಂದರೆ ರೆಂಡರ್ ಮಾಡಿ ಕೊಟ್ಟವರ ಕೆಲಸ ನೋಡೋಕೆ ಬಹಳ ಚೆನ್ನಾಗಿತ್ತು, ಆದರೆ ಆ ಒಂದು ಸಾಲು ಸುಳ್ಳಾಗಿತ್ತು. ಪ್ಯಾನಲ್ ನೋಡಿ ಇಟ್ಟಿಗೆ ಬಣ್ಣದ ಶೇಡ್ ಆರಿಸಿದ ಗ್ರಾಹಕರೊಬ್ಬರು ಮನೆಗೆ ಬಳಿಸಿದ ಮೇಲೆ ಅಂಗಡಿಗೆ ಬಂದು ಜಗಳ ತೆಗೆದರು. ಚಿತ್ರದಲ್ಲಿ ಬೆಳಕು ತುಂಬಿದ್ದ ರೂಮು ಅವರ ಮನೆಯಲ್ಲಿ ಮಧ್ಯಾಹ್ನವೂ ಲೈಟ್ ಹಾಕಬೇಕಾದ ಕತ್ತಲೆ ಕೋಣೆಯಾಗಿತ್ತು.

ಪೇಂಟರ್ ಹೇಳಿದ್ದು, 'ಇನ್ನೊಂದು ಕೋಟ್ ಹೊಡೆದ್ರೆ ಸರಿ ಹೋಗುತ್ತೆ ಬಿಡಿ ಸಾರ್.' ಹೋಗೋದಿಲ್ಲ. ಗೋಡೆ ಪೂರ್ತಿ ಮುಚ್ಚಿದ ಮೇಲೆ ಅದೇ ಶೇಡಿನ ಇನ್ನೊಂದು ಕೋಟ್ ರೂಮಿಗೆ ಬೆಳಕು ತರುವುದಿಲ್ಲ. ಟಿಂಟ್ ಹಾಕಿದ ಡಬ್ಬ ವಾಪಸ್ ತೆಗೆದುಕೊಳ್ಳುವಂತೆಯೂ ಇಲ್ಲ. ಗಾಢ ಶೇಡುಗಳು ಬೇರೆ ಬೇಸ್‌ನಲ್ಲಿ ತಯಾರಾಗುತ್ತವೆ, ಅದನ್ನೇ ತಿಳಿ ಬಣ್ಣಕ್ಕೆ ತಿರುಗಿಸಲು ಬರುವುದಿಲ್ಲ. ಕೊನೆಗೆ ಒಂದು ಕೋಟ್ ಪ್ರೈಮರ್, ಅದರ ಮೇಲೆ ಎರಡು ಕೋಟ್ ಕ್ರೀಮ್. ಕೂಲಿಯ ಅರ್ಧ ಅಂಗಡಿಯವರ ತಲೆಗೆ ಬಂತು. ಇಂಥ ಚಿತ್ರಗಳನ್ನು ದಿನವೂ ಮಾಡುವವರಾಗಿ, ತಪ್ಪು ಎಲ್ಲಿ ಸೇರಿಕೊಂಡಿತು, ಕಣ್ಣಿಗೆ ಹೇಗೆ ಸಿಗುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತಿದ್ದೇವೆ.

ಮೊದಲು ಆ ರೂಮಿನ ಲೆಕ್ಕ ನೋಡೋಣ. 12 ಅಡಿಗೆ 14 ಅಡಿ, ಎತ್ತರ 10 ಅಡಿ. ಕಿಟಕಿ ಬಾಗಿಲು ಕಳೆದರೆ ಗೋಡೆ ಸುಮಾರು 475 ಚದರಡಿ. ತಾರಸಿಯ ಒಳಮೈಗೆ ಬಿಳಿ, ನೆಲಕ್ಕೆ ತಿಳಿ ಬೂದು ಟೈಲ್ಸ್. ಶೇಡ್ ಕಾರ್ಡುಗಳ ಹಿಂದೆ ಎಲ್‌ಆರ್‌ವಿ ಎಂಬ ಅಂಕಿ ಇರುತ್ತದಲ್ಲ, ಅದು ಗೋಡೆಯ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ವಾಪಸ್ ಬರುತ್ತದೆ ಎಂಬ ಲೆಕ್ಕ. ಪ್ಯಾನಲ್‌ನ ಕ್ರೀಮ್ ಶೇಡಿಗೆ ಅದು 75, ಇಟ್ಟಿಗೆ ಶೇಡಿಗೆ 30.

75ರ ಬದಲು 30 ಅಂದರೆ ಗೋಡೆ ಅರ್ಧಕ್ಕಿಂತ ಸ್ವಲ್ಪ ಮಂಕಾದೀತು, ಅಷ್ಟೇ ತಾನೇ ಅನ್ನಿಸುತ್ತದೆ. ಹಾಗಲ್ಲ. ಕಿಟಕಿಯಿಂದ ಒಳಗೆ ಬಂದ ಬೆಳಕು ಒಂದು ಗೋಡೆಗೆ ಬಿದ್ದು, ಅಲ್ಲಿಂದ ತಾರಸಿಗೆ, ಅಲ್ಲಿಂದ ಎದುರು ಗೋಡೆಗೆ ಹೀಗೆ ಪುಟಿಯುತ್ತಲೇ ಇರುತ್ತದೆ. ನೆಲ, ತಾರಸಿ, ಗೋಡೆ, ಬಾಗಿಲು ಎಲ್ಲ ಸೇರಿಸಿ ಸರಾಸರಿ ತೆಗೆದರೆ ಕ್ರೀಮ್ ರೂಮು ಬಿದ್ದ ಬೆಳಕಿನ 66 ಪಾಲು ಉಳಿಸಿಕೊಳ್ಳುತ್ತದೆ, 34 ಪಾಲು ನುಂಗುತ್ತದೆ. ಇಟ್ಟಿಗೆ ರೂಮು ಉಳಿಸಿಕೊಳ್ಳುವುದು 41, ನುಂಗುವುದು 59. ರೂಮಿನಲ್ಲಿ ತುಂಬಿ ನಿಲ್ಲುವ ಬೆಳಕು ಈ ನುಂಗುವ ಪಾಲಿಗೆ ವಿಲೋಮವಾಗಿರುವುದರಿಂದ, ಇಟ್ಟಿಗೆ ರೂಮಿನಲ್ಲಿ ಒಟ್ಟು ಬೆಳಕು ಕ್ರೀಮ್ ರೂಮಿನ 0.58ರಷ್ಟಕ್ಕೆ ಇಳಿಯುತ್ತದೆ. ಆ ಕಡಿಮೆಯಾದ ಬೆಳಕಿನಲ್ಲಿ ಗೋಡೆ ಮತ್ತೆ 75ಕ್ಕೆ 30, ಅಂದರೆ 0.4ರಷ್ಟನ್ನು ಮಾತ್ರ ಕಣ್ಣಿಗೆ ಕಳಿಸುತ್ತದೆ. ಎರಡನ್ನೂ ಗುಣಿಸಿ: 0.23. ಒಂದೇ ಹಗಲಿನಲ್ಲಿ, ಒಂದೇ ಕಿಟಕಿಯಿಂದ, ಇಟ್ಟಿಗೆ ಗೋಡೆಯ ಹೊಳಪು ಕ್ರೀಮ್ ಗೋಡೆಯ ಕಾಲು ಭಾಗಕ್ಕಿಂತಲೂ ಕಡಿಮೆ. ಗ್ರಾಹಕರು ಮನೆಯಲ್ಲಿ ಕಂಡದ್ದು ಇದನ್ನೇ.

ಚಿತ್ರದಲ್ಲಿ ಇದು ಯಾಕೆ ಕಾಣಲಿಲ್ಲ ಅಂದರೆ, ರೆಂಡರ್ ಮಾಡಿದವರು ಕ್ಯಾಮೆರಾದಲ್ಲಿ `Auto Exposure` ಮತ್ತು `Auto White Balance` ಎರಡನ್ನೂ ಆನ್ ಬಿಟ್ಟಿದ್ದರು. ಒಂದೇ ಚಿತ್ರ ಮಾಡುವಾಗ ಇವು ಒಳ್ಳೆಯ ಸೌಲಭ್ಯ. ಐದು ಚಿತ್ರ ಹೋಲಿಸುವಾಗ ಇವೇ ಕೆಡಿಸುವುದು. ಮೊದಲನೆಯದು ಪ್ರತಿ ಚಿತ್ರದ ಸರಾಸರಿ ಹೊಳಪನ್ನು ಒಂದೇ ಮಟ್ಟಕ್ಕೆ ಎತ್ತುತ್ತದೆ. ಅಲ್ಲಿಗೆ ಗಾಢ ಬಣ್ಣ ಬೆಳಕು ನುಂಗಿದ್ದರ ಲೆಕ್ಕವೇ ಅಳಿಸಿಹೋಯಿತು. ಎರಡನೆಯದು ರೂಮಿನಲ್ಲೆಲ್ಲ ಹರಡಿದ ಕೆಂಪು ಛಾಯೆಯನ್ನು ಬೆಳಕಿನ ದೋಷ ಎಂದು ತಿಳಿದು ತೆಗೆದುಹಾಕುತ್ತದೆ.

ಆ ಕೆಂಪು ಛಾಯೆಯ ವಿಷಯ ಹೇಳಲೇಬೇಕು, ಏಕೆಂದರೆ 'ಕಾರ್ಡಿನಲ್ಲಿ ಇಷ್ಟು ಕೆಂಪಿರಲಿಲ್ಲ' ಎಂಬ ದೂರು ಅಂಗಡಿಗಳಲ್ಲಿ ಬಹಳ ಸಾಮಾನ್ಯ. ಇಂಥ ಇಟ್ಟಿಗೆ ಶೇಡ್ ಕೆಂಪು ಬೆಳಕಿನ ಅರ್ಧದಷ್ಟನ್ನು ವಾಪಸ್ ಕಳಿಸಿದರೆ ನೀಲಿಯಲ್ಲಿ 0.12ರಷ್ಟನ್ನು ಕಳಿಸುತ್ತದೆ ಅಂದುಕೊಳ್ಳಿ. ಕೆಂಪು ನೀಲಿಯ ನಾಲ್ಕು ಪಟ್ಟಾಯಿತು. ಅದೇ ಬೆಳಕು ಎದುರು ಗೋಡೆಗೆ ಹೋಗಿ ಇನ್ನೊಮ್ಮೆ ಪುಟಿದರೆ ಕೆಂಪು 0.25, ನೀಲಿ 0.014, ಈಗ ಹದಿನೇಳು ಪಟ್ಟು. ಅದಕ್ಕೇ ಕಾರ್ಡಿನ ಸಣ್ಣ ಚೌಕದಲ್ಲಿ ಸೌಮ್ಯವಾಗಿದ್ದ ಬಣ್ಣ ನಾಲ್ಕೂ ಗೋಡೆಗೆ ಬಳಿದಾಗ ಕಡುವಾಗುತ್ತದೆ, ಮೂಲೆಗಳಲ್ಲಂತೂ ಇನ್ನೂ ಹೆಚ್ಚು. ಸರಿಯಾದ ರೆಂಡರ್ ಇದನ್ನು ತೋರಿಸಿಯೇ ತೋರಿಸುತ್ತದೆ. ವೈಟ್ ಬ್ಯಾಲೆನ್ಸ್ ಆಟೋ ಇದ್ದರೆ ಮರೆಮಾಚುತ್ತದೆ.

ಹಾಗಾದರೆ ಚಿತ್ರ ಕೈಗೆ ಬಂದಾಗ ಕಂಡುಹಿಡಿಯುವುದು ಹೇಗೆ? ಯಾವ ಸಾಫ್ಟ್‌ವೇರ್‌ನಲ್ಲಾದರೂ ಸರಿ, ಚಿತ್ರದಲ್ಲಿ ಒತ್ತಿದ ಜಾಗದ ಬಣ್ಣದ ಅಂಕಿ ತೋರಿಸುವ ಐಡ್ರಾಪರ್ ಇದ್ದರೆ ಸಾಕು. ನಮ್ಮ ಕಡೆ ಮನೆಗಳಲ್ಲಿ ಕಿಟಕಿ ದಂಡೆಗೆ ಕಪ್ಪು ಗ್ರಾನೈಟ್ ಹಾಕುತ್ತಾರೆ, ಆ ಮಾಡೆಲ್‌ನಲ್ಲೂ ಇತ್ತು. ದಂಡೆಯ ಹೊರ ಅಂಚು, ಕಂಬಿಯ ಬುಡದ ಹತ್ತಿರ, ಬೆಳಕನ್ನು ನೇರ ಆಕಾಶದಿಂದ ಪಡೆಯುತ್ತದೆ. ಒಳಗಿನ ಗೋಡೆ ಯಾವ ಬಣ್ಣವಾದರೂ ಅದಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ಆದ್ದರಿಂದ ಐದೂ ಚಿತ್ರದಲ್ಲಿ ಆ ಜಾಗದ ಅಂಕಿ ಹೆಚ್ಚು ಕಡಿಮೆ ಒಂದೇ ಇರಬೇಕು. ಈ ಪ್ಯಾನಲ್‌ನಲ್ಲಿ ಕ್ರೀಮ್ ಚಿತ್ರದ ದಂಡೆ 255ಕ್ಕೆ 92 ಇತ್ತು, ಇಟ್ಟಿಗೆ ಚಿತ್ರದ ದಂಡೆ 146. ಗೋಡೆಗೆ ಬಣ್ಣ ಬಳಿದರೆ ಗ್ರಾನೈಟ್ ಬೆಳ್ಳಗಾಗುತ್ತದೆಯೇ? ಚಿತ್ರದ ಅಂಕಿ ಬೆಳಕಿನ ನೇರ ಅಳತೆಯಲ್ಲ, ಅದನ್ನು ಬೆಳಕಿಗೆ ತಿರುಗಿಸಿ ಲೆಕ್ಕ ಹಾಕಿದರೆ ಇದು ಸುಮಾರು ಒಂದೂವರೆ ಸ್ಟಾಪ್, ಅಂದರೆ ಇಟ್ಟಿಗೆ ಚಿತ್ರಕ್ಕೆ 2.7 ಪಟ್ಟು ಬೆಳಕು ಕದ್ದು ಸೇರಿಸಿದ ಹಾಗೆ.

ಎರಡನೆಯ ಪರೀಕ್ಷೆ ತಾರಸಿಯದು, ಮತ್ತು ಇದು ತಿರುವುಮುರುವು: ಇಲ್ಲಿ ಅಂಕಿ ಬದಲಾಗಲೇಬೇಕು. ತಾರಸಿಗೆ ಬರುವುದು ಹೆಚ್ಚಾಗಿ ನೆಲ ಗೋಡೆಗಳಿಂದ ಪುಟಿದ ಬೆಳಕು. ಕ್ರೀಮ್ ಚಿತ್ರದಲ್ಲಿ ತಾರಸಿ 190 ಇದ್ದರೆ ಇಟ್ಟಿಗೆ ಚಿತ್ರದಲ್ಲಿ 140ರ ಆಸುಪಾಸಿಗೆ ಇಳಿದು ಸ್ವಲ್ಪ ಕೆಂಪೇರಬೇಕಿತ್ತು. ಪ್ಯಾನಲ್‌ನಲ್ಲಿ ಅದು 217 ಆಗಿತ್ತು, ಅದೂ ಅಪ್ಪಟ ಬಿಳಿ. ಗಾಢ ಗೋಡೆಯ ರೂಮಿನಲ್ಲಿ ತಾರಸಿ ಇನ್ನಷ್ಟು ಬೆಳ್ಳಗೆ ಕಂಡರೆ ಆಟೋ ಎಕ್ಸ್‌ಪೋಶರ್ ಎಂದು ಕಣ್ಣು ಮುಚ್ಚಿ ಹೇಳಬಹುದು. ತಾರಸಿ ಐದರಲ್ಲೂ ಒಂದಿಷ್ಟೂ ಬದಲಾಗದೆ ಒಂದೇ ಅಂಕಿ ತೋರಿಸಿದರೆ ಕಥೆ ಬೇರೆ: ಅವರು ಒಂದೇ ರೆಂಡರ್ ಮಾಡಿ, ಫೋಟೋಶಾಪ್‌ನಲ್ಲಿ ಗೋಡೆಯನ್ನಷ್ಟೇ ಕತ್ತರಿಸಿ ಬಣ್ಣ ತುಂಬಿದ್ದಾರೆ. ಅದೂ ಹಗಲು ಬೆಳಕಿನ ಹೋಲಿಕೆಯಾಗುವುದಿಲ್ಲ.

ಸರಿಯಾಗಿ ಮಾಡಿಸುವುದು ಕಷ್ಟವೇನಲ್ಲ. ಪಟ್ಟಿಯಲ್ಲಿರುವ ಅತಿ ತಿಳಿ ಶೇಡಿನಿಂದ ಶುರು ಮಾಡಿ, ಆ ಗೋಡೆ ಚಿತ್ರದಲ್ಲಿ 200ರ ಹತ್ತಿರ ಬರುವ ಹಾಗೆ ಎಕ್ಸ್‌ಪೋಶರ್ ಒಂದು ಸಲ ಕೈಯಾರೆ ಇಡಬೇಕು. ವೈಟ್ ಬ್ಯಾಲೆನ್ಸ್ 6500 ಕೆಲ್ವಿನ್‌ಗೆ ನಿಲ್ಲಿಸಬೇಕು. ಆಮೇಲೆ ಕ್ಯಾಮೆರಾ, ಸೂರ್ಯ, ಆಕಾಶ ಯಾವುದನ್ನೂ ಮುಟ್ಟದೆ ಗೋಡೆಯ ಮೆಟೀರಿಯಲ್ ಒಂದನ್ನೇ ಬದಲಿಸುತ್ತ ಹೋಗಬೇಕು. ಗಾಢ ಶೇಡ್ ಚಿತ್ರ ಮಂಕಾಗಿ ಬರುತ್ತದೆ, ಬರಲಿ. ಅಂಗಡಿಯವರೇ ಎಷ್ಟೋ ಸಲ 'ಇದು ಡಲ್ ಆಯ್ತು, ಸ್ವಲ್ಪ ಬ್ರೈಟ್ ಮಾಡಿ' ಅಂತ ಹೇಳಿ ಕೆಡಿಸುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ.

ಸೂರ್ಯನ ಎತ್ತರವನ್ನೂ ಒಮ್ಮೆ ಕೇಳಿ ನೋಡಿ. 15 ಡಿಗ್ರಿ ಎಂದರೆ ಇಲ್ಲಿ ಬೆಳಿಗ್ಗೆ ಏಳು, ಏಳೂವರೆಯ ಎಳೆಬಿಸಿಲು. ಅದು ರೂಮಿನ ತುದಿಯವರೆಗೆ ಹಳದಿಯಾಗಿ ಬಂದು ಎಲ್ಲ ಶೇಡನ್ನೂ ಸುಂದರ ಮಾಡುತ್ತದೆ. ಮಾರ್ಚ್ ತಿಂಗಳಲ್ಲಿ ಮೈಸೂರು, ಮಂಡ್ಯದಲ್ಲಿ ಬೆಳಿಗ್ಗೆ ಹತ್ತಕ್ಕೆ ಸೂರ್ಯ ಸುಮಾರು 50 ಡಿಗ್ರಿ ಏರಿರುತ್ತಾನೆ. ಕಿಟಕಿ ಮೇಲಿನ ಎರಡಡಿ ಸಜ್ಜಾ ಹೆಚ್ಚಿನ ಬಿಸಿಲನ್ನು ತಡೆದುಬಿಡುತ್ತದೆ. ಜನ ಮನೆಯಲ್ಲಿ ದಿನವಿಡೀ ನೋಡುವ ಬೆಳಕು ಈ ಎರಡನೆಯದು, ರೆಂಡರ್‌ನಲ್ಲೂ ಸಜ್ಜಾ ಇರಲೇಬೇಕು.

ಬಣ್ಣದ ಅಂಕಿ ತುಂಬುವಾಗ ಇನ್ನೊಂದು ತಪ್ಪು ನಡೆಯುತ್ತದೆ. ಶೇಡಿನ ಆರ್‌ಜಿಬಿ 180 ಅಂತಿದ್ದರೆ ಅದನ್ನು 255ರಿಂದ ಭಾಗಿಸಿ 0.706 ಎಂದು ಲೀನಿಯರ್ ಬೆಲೆ, ಅಂದರೆ ಬೆಳಕಿನ ನೇರ ಅಳತೆ, ಕೇಳುವ ಜಾಗದಲ್ಲಿ ಹಾಕಿಬಿಡುತ್ತಾರೆ. ಅಲ್ಲಿ ಹಾಕಬೇಕಾದ್ದು 0.456. ತಪ್ಪಾದರೆ ಗೋಡೆ ನೀರು ಬೆರೆಸಿದ ಹಾಗೆ ತೆಳುವಾಗುತ್ತದೆ. ಬ್ಲೆಂಡರ್ ಎಂಬ ರೆಂಡರ್ ಸಾಫ್ಟ್‌ವೇರ್‌ನಲ್ಲಿ ಹೆಕ್ಸ್ ಸಂಖ್ಯೆ ಹಾಕಿದರೆ ಈ ಪರಿವರ್ತನೆ ತಾನೇ ಆಗುತ್ತದೆ. ಅಲ್ಲೇ `View Transform` ಕೂಡ `Standard`ಗೆ ಇರಲಿ. `AgX` ಬಿಟ್ಟರೆ ಕಿಟಕಿ ಚೆನ್ನಾಗಿ ಕಾಣುತ್ತದೆ, ಆದರೆ ಗೋಡೆಯ ಬಣ್ಣದ ಕಡುಪು ಇಳಿಯುತ್ತದೆ.

ಇಷ್ಟೆಲ್ಲ ಸರಿ ಮಾಡಿದರೂ ಚಿತ್ರ ಹೇಳುವುದು ಶೇಡುಗಳ ನಡುವಿನ ಅಂತರವನ್ನು ಮಾತ್ರ. 30-40 ಸೈಟಿನ ಮನೆಯಲ್ಲಿ ಕಿಟಕಿಯಿಂದ ಮೂರಡಿ ದೂರದಲ್ಲಿ ಪಕ್ಕದ ಮನೆಯ ಹಸಿರು ಗೋಡೆ ಇದ್ದರೆ ಒಳಗೆ ಬರುವ ಬೆಳಕೇ ಹಸಿರು. ಹಳೇ ಮೈಸೂರು ಮನೆಗಳ ರೆಡ್ ಆಕ್ಸೈಡ್ ನೆಲವೂ ಗೋಡೆಯ ಕೆಳಭಾಗಕ್ಕೆ ಕೆಂಪು ಬಳಿಯುತ್ತದೆ. ಗಾಢ ಶೇಡ್ ಕೇಳುವ ಗ್ರಾಹಕರಿಗೆ ನಾಲ್ಕು ಲೀಟರ್ ಟಿಂಟ್ ಮಾಡುವ ಮೊದಲು ಚಿಕ್ಕ ಡಬ್ಬ ಕೊಟ್ಟು, ಎರಡಡಿ ಚೌಕದ ಹಲಗೆಗೆ ಎರಡು ಕೋಟ್ ಹೊಡೆಸಿ, ಕಿಟಕಿಗೆ ದೂರದ ಗೋಡೆಗೆ ಒರಗಿಸಿ ನೋಡಲು ಹೇಳಿ. ಆ ಹಲಗೆಯಲ್ಲಿ ಕಂಡದ್ದಕ್ಕಿಂತ ನಾಲ್ಕು ಗೋಡೆ ಸೇರಿದಾಗ ಇನ್ನೂ ಕಡುವಾಗುತ್ತದೆ ಎಂಬುದನ್ನೂ ಆಗಲೇ ತಿಳಿಸಿ.

ಈಗಾಗಲೇ ಇಂಥ ಪ್ಯಾನಲ್ ಹಾಕಿಕೊಂಡಿದ್ದರೆ, ಮಾಡಿಕೊಟ್ಟವರ ಹತ್ತಿರ ಇಎಕ್ಸ್‌ಆರ್ ಫೈಲುಗಳಿವೆಯೇ ಎಂದು ಕೇಳಿ. ಅದರಲ್ಲಿ ಬೆಳಕಿನ ಅಂಕಿ ಪೂರ್ತಿ ಉಳಿದಿರುತ್ತದೆ. ಐದಕ್ಕೂ ಕಿಟಕಿ ದಂಡೆ ಒಂದೇ ಅಂಕಿ ಬರುವ ಹಾಗೆ ಎಕ್ಸ್‌ಪೋಶರ್ ಸರಿಹೊಂದಿಸಿ, ವೈಟ್ ಬ್ಯಾಲೆನ್ಸ್ ಕೂಡ ಆ ಗ್ರಾನೈಟ್‌ನಿಂದಲೇ ಸಮ ಮಾಡಿದರೆ ಹೊಸ ರೆಂಡರ್ ಬೇಕಾಗುವುದಿಲ್ಲ. ಜೆಪಿಜಿ ಮಾತ್ರ ಇದ್ದರೆ 255ಕ್ಕೆ ಮುಟ್ಟಿದ ಜಾಗಗಳ ಲೆಕ್ಕ ಹೋಗಿಬಿಟ್ಟಿರುತ್ತದೆ, ಮತ್ತೆ ರೆಂಡರ್ ಮಾಡಿಸಬೇಕು. ಮಂಡ್ಯದ ಆ ಅಂಗಡಿಯವರಿಗೆ ಸಿಕ್ಕಿದ್ದು ಜೆಪಿಜಿ ಅಷ್ಟೇ. ಮುಂದಿನ ಸಲ ಆರ್ಡರ್ ಕೊಡುವಾಗ ಇಎಕ್ಸ್‌ಆರ್ ಕೊಡಬೇಕು, ಐದೂ ಚಿತ್ರದ ದಂಡೆಯ ಅಂಕಿಗಳ ನಡುವಿನ ವ್ಯತ್ಯಾಸ ಐದರೊಳಗೆ ಇರಬೇಕು, ತಾರಸಿಯ ಅಂಕಿ ಶೇಡಿನ ಜೊತೆ ಇಳಿಯಬೇಕು, ಇವು ಸರಿಯಿದ್ದರೆ ಮಾತ್ರ ಬಾಕಿ ಹಣ ಎಂದು ಮೊದಲೇ ಬರೆಸಿಕೊಳ್ಳಿ.